ರಾತ್ರಿ ಪಾಳಿ ಯಾರದು?



ಶುಕ್ರವಾರ ಸಂಜೆ ಇಷ್ಟು ಜನ ಬಂದಿದ್ದೀರಿ, ಕೆಲವರು ಕೂಸನ್ನು ಎತ್ತಿಕೊಂಡೇ ಬಂದಿದ್ದೀರಿ. ಮಗು ಅತ್ತರೆ ಎದ್ದು ಹೊರಗೆ ಹೋಗಬೇಡಿ. ಇವತ್ತಿನ ಮಾತೇ ಅದರ ಬಗ್ಗೆ. ಹದಿನಾರು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳಿಗೆ ಕೂಸಿನ ಅಳು ತೊಂದರೆ ಕೊಡೋದಿಲ್ಲ.

ಮೊದಲ ಮಗು ಹುಟ್ಟಿ ಎರಡು ಮೂರು ತಿಂಗಳಾಗುವಾಗ ಗಂಡ-ಹೆಂಡತಿ ನಡುವೆ ಮಾತು ಕಡಿಮೆಯಾಗುತ್ತದೆ. ಮಾತಾಡಿದರೆ ಜಗಳ. ‘ನಿನಗೆ ನನ್ನ ಕಷ್ಟ ಗೊತ್ತಿಲ್ಲ’ ಅಂತ ಇಬ್ಬರೂ ಹೇಳ್ತಾರೆ, ಇಬ್ಬರೂ ಹೇಳೋದು ಸತ್ಯವೇ. ಊರಿಗೆ ಫೋನ್ ಮಾಡಿದರೆ ಅಲ್ಲಿಂದ ಬರುವ ಉತ್ತರ ಒಂದೇ: ‘ನಾವು ಐದು ಹೆತ್ತಿಲ್ವಾ?’ ಹೆತ್ತಿದ್ದಾರೆ, ನಿಜ. ಆದರೆ ಆಗ ಆ ಮನೆಯಲ್ಲಿ ಎಷ್ಟು ಜನ ಇದ್ದರು ಅಂತ ಒಮ್ಮೆ ಲೆಕ್ಕ ಹಾಕಿ.

ಊರಿನ ಬಾಣಂತನ ನೆನಪು ಮಾಡಿಕೊಳ್ಳಿ. ಮೊದಲ ಹೆರಿಗೆ ತವರಿನಲ್ಲಿ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಲು ಒಬ್ಬರು ಬರುತ್ತಿದ್ದರು, ಮಗುವನ್ನು ಕಾಲ ಮೇಲೆ ಮಲಗಿಸಿ ಸ್ನಾನ ಮಾಡಿಸಲು ಅಜ್ಜಿ ಇದ್ದರು. ಬಾಣಂತಿಗೆ ಬೇರೆ ಅಡುಗೆ, ಅದು ಅಮ್ಮನದು. ಬಟ್ಟೆ ಒಗೆಯಲು ತಂಗಿಯೋ ಅತ್ತಿಗೆಯೋ ಇದ್ದರು. ರಾತ್ರಿ ಹಾಲು ಕುಡಿಸಿ ಆದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ತೊಟ್ಟಿಲು ತೂಗಲು ಇನ್ನೊಬ್ಬರು ಏಳುತ್ತಿದ್ದರು. ಐದಾರು ಜನರ ಕೆಲಸ ಅದು. ಗಂಡಸರಿಗೆ ಅದರಲ್ಲಿ ಪಾಲೇ ಇರಲಿಲ್ಲ, ಹಾಗಾಗಿ ಅವರು ಕಲಿಯಲೂ ಇಲ್ಲ.

ಈಗ ಅದೇ ಕೆಲಸವನ್ನು ಮೀನಾ ಹತ್ತಿರದ ಒಂದು ಕೋಣೆಯ ಮನೆಗೆ ತನ್ನಿ. ಐದಾರು ಜನರ ಜಾಗದಲ್ಲಿ ಇಬ್ಬರು. ಅವರಲ್ಲೂ ಒಬ್ಬ ಹನ್ನೆರಡು ಗಂಟೆ ಡ್ಯೂಟಿಗೆ ಹೋಗುವವನು. ಕೆಲಸ ಮಾತ್ರ ಒಂದು ಚೂರೂ ಕಡಿಮೆಯಾಗಿಲ್ಲ. ಹಾಗಾಗಿ ನಿಮ್ಮ ಮನೆಯ ಜಗಳವನ್ನು ಕೂಡಲೇ ಸ್ವಭಾವದ ದೋಷ ಅಂತ ತಿಳಿಯಬೇಡಿ. ಹೆಚ್ಚಿನ ಪಾಲು ಅದು ಕೈಗಳ ಕೊರತೆ, ಅದಕ್ಕಿಂತ ಹೆಚ್ಚಾಗಿ ನಿದ್ದೆಯ ಕೊರತೆ.

ಭಾರತ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಒಂದು ದೊಡ್ಡ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಮನೆಗೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ. ನಾವು ಇಲ್ಲಿಗೆ ಬರುವಾಗ ಸೂಟ್‌ಕೇಸಿನ ಜೊತೆ ಈ ಲೆಕ್ಕವನ್ನೂ ತಂದಿದ್ದೇವೆ. ಇಬ್ಬರೇ ಇರುವಾಗ ಹೇಗೋ ನಡೆಯುತ್ತಿತ್ತು. ಮಗು ಬಂದ ಮೇಲೆ ನಡೆಯೋದಿಲ್ಲ.

ಮೊದಲು ಕೂಸಿನ ನಿದ್ದೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯಲ್ಲಿ ‘ನೀನು ಸರಿಯಾಗಿ ಹಾಲು ಕೊಡ್ತಾ ಇಲ್ಲ’ ಅನ್ನುವ ಮಾತು ಬಂದುಬಿಡುತ್ತದೆ. ಹೊಸ ಕೂಸು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ಗಂಟೆ ನಿದ್ದೆ ಮಾಡುತ್ತದೆ. ಆದರೆ ತುಂಡು ತುಂಡಾಗಿ. ಅದರ ಹೊಟ್ಟೆ ಚಿಕ್ಕದು, ಇಪ್ಪತ್ನಾಲ್ಕು ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಹಗಲು-ರಾತ್ರಿಯ ವ್ಯತ್ಯಾಸ ಅದರ ದೇಹಕ್ಕೆ ತಿಳಿಯಲು ಎರಡು ಮೂರು ತಿಂಗಳು ಬೇಕು. ಅಳು ಹುಟ್ಟಿದ ಎರಡನೇ ವಾರದಿಂದ ಏರುತ್ತಾ ಹೋಗಿ, ಸಾಧಾರಣ ಆರರಿಂದ ಎಂಟನೇ ವಾರಕ್ಕೆ ಅತಿ ಹೆಚ್ಚು ಆಗುತ್ತದೆ. ಆಮೇಲೆ ಇಳಿಯುತ್ತದೆ. ಮೂರು ನಾಲ್ಕು ತಿಂಗಳಿಗೆ ಮನೆ ಶಾಂತ. ಅಂದರೆ ಅತಿ ಕೆಟ್ಟ ದಿನಗಳು ಬರುವುದು ಮೊದಲ ವಾರದಲ್ಲಿ ಅಲ್ಲ. ನೋಡಲು ಬಂದವರೆಲ್ಲ ಹೋಗಿ, ಗಂಡನ ರಜೆ ಮುಗಿದ ಮೇಲೆ.

ಇಲ್ಲಿ ಒಂದು ಉಪಯೋಗದ ಮಾತು. ಈ ದೇಶದ ಕಾರ್ಮಿಕ ಕಾನೂನು, 2021ರಲ್ಲಿ ಬಂದ 33ನೇ ಸಂಖ್ಯೆಯದು, ಖಾಸಗಿ ಕಂಪನಿಯಲ್ಲಿರುವ ಅಪ್ಪನಿಗೂ ಐದು ಕೆಲಸದ ದಿನ ಸಂಬಳ ಸಹಿತ ರಜೆ ಕೊಡುತ್ತದೆ. ಮಗು ಹುಟ್ಟಿ ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು. ಐದನ್ನೂ ಒಟ್ಟಿಗೆ ತೆಗೆದುಕೊಳ್ಳಬೇಕು ಅಂತಿಲ್ಲ, ಬಿಡಿಬಿಡಿಯಾಗಿಯೂ ಆಗುತ್ತದೆ. ಎಲ್ಲರೂ ಆಸ್ಪತ್ರೆಯ ದಿನಗಳಲ್ಲೇ ಐದನ್ನೂ ಮುಗಿಸಿಬಿಡುತ್ತಾರೆ. ನನ್ನ ಅಭಿಪ್ರಾಯ, ಎರಡು ದಿನವನ್ನಾದರೂ ಆರನೇ, ಏಳನೇ ವಾರಕ್ಕೆ ಉಳಿಸಿ, ವಾರದ ರಜೆಗೆ ಸೇರಿಸಿಕೊಳ್ಳಿ. ಸೂಪರ್‌ವೈಸರ್‌ಗೆ ಮೊದಲೇ ಲಿಖಿತವಾಗಿ ತಿಳಿಸಿ. ಅಮ್ಮ ಕೆಲಸದಲ್ಲಿದ್ದರೆ ಅವಳಿಗೆ ಅರವತ್ತು ದಿನ, ನಲವತ್ತೈದು ಪೂರ್ತಿ ಸಂಬಳದ್ದು, ಹದಿನೈದು ಅರ್ಧ ಸಂಬಳದ್ದು. ಲೆಕ್ಕ ಹಾಕಿ ನೋಡಿ: ಹೆರಿಗೆಯ ದಿನದಿಂದ ರಜೆ ಶುರುವಾದರೆ, ಅವಳು ಕೆಲಸಕ್ಕೆ ವಾಪಸ್ ಹೋಗುವುದು ಎಂಟೂವರೆ ವಾರಕ್ಕೆ. ಅಳು ಇನ್ನೂ ಇಳಿಯಲು ಶುರುವಾಗಿರುತ್ತದೆ ಅಷ್ಟೇ.

ಈಗ ಒಂದು ಮನೆಯ ಕತೆ. ಇದು ಒಂದೇ ಮನೆಯಲ್ಲ, ನಾನು ನೋಡಿದ ನಾಲ್ಕೈದು ಮನೆ ಸೇರಿಸಿ ಹೇಳುತ್ತಿದ್ದೇನೆ, ಯಾರೂ ನಮ್ಮ ಮನೆ ವಿಷಯ ಹೇಳಿದರು ಅಂತ ಬೇಸರ ಮಾಡಬೇಡಿ. ಗಂಡ ಮೀನಾ ಝಾಯೆದ್‌ನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಬೆಳಗ್ಗೆ ಆರಕ್ಕೆ ಬಸ್, ಸಂಜೆ ಆರೂವರೆಗೆ ಮನೆ. ಹೆಂಡತಿ ಹೆರಿಗೆ ರಜೆಯಲ್ಲಿದ್ದಳು. ಅವಳ ಅಮ್ಮ ವಿಸಿಟ್ ವೀಸಾದಲ್ಲಿ ಬಂದು ಐದು ವಾರ ಇದ್ದು ಹೋಗಿದ್ದರು. ಅಮ್ಮ ಇರುವ ತನಕ ಗಂಡನಿಗೆ ಏನೂ ತಿಳಿಯಲಿಲ್ಲ, ಅವನು ಗೋಡೆ ಬದಿಗೆ ಮಲಗಿ ಎದ್ದು ಹೋಗುತ್ತಿದ್ದ. ಅಮ್ಮ ವಿಮಾನ ಹತ್ತಿದ ಮೂರನೇ ದಿನ ಜಗಳ ಶುರು.

ಜಗಳದ ವಿಷಯ ಏನು ಅಂದ್ರೆ, ಅವಳು ಹೇಳುವುದು ‘ನೀವು ರಾತ್ರಿ ಏಳೋದೇ ಇಲ್ಲ’. ಅವನು ಹೇಳುವುದು ‘ಪ್ರತಿ ಸಲ ನನಗೂ ಎಚ್ಚರ ಆಗ್ತದೆ, ನಾನು ನಿದ್ದೆ ಮಾಡಿ ಒಂದು ತಿಂಗಳಾಯ್ತು’. ಯಾರು ಸುಳ್ಳು ಹೇಳ್ತಾ ಇದ್ದಾರೆ? ನಾನು ಅವರಿಗೆ ಒಂದು ಹಾಳೆ ಕೊಟ್ಟೆ. ಮೂರು ರಾತ್ರಿ, ಎದ್ದ ಹೊತ್ತು, ಮಲಗಿದ ಹೊತ್ತು, ಎದ್ದವರು ಏನು ಮಾಡಿದರು, ಇಷ್ಟನ್ನು ಮಾತ್ರ ಬರೆಯಿರಿ ಅಂದೆ. ತೀರ್ಪು ಬೇಡ, ಬೈಗುಳ ಬೇಡ.

ಹಾಳೆಯಲ್ಲಿ ಬಂದದ್ದು ಹೀಗೆ. ಅವಳ ನಿದ್ದೆ ಒಟ್ಟು ನಾಲ್ಕೂವರೆ ಗಂಟೆ, ಐದು ತುಂಡು, ಅತಿ ಉದ್ದದ ತುಂಡು ಒಂದು ಗಂಟೆ ಇಪ್ಪತ್ತು ನಿಮಿಷ. ಅವನದು ಆರು ಗಂಟೆ, ನಾಲ್ಕು ತುಂಡು. ಅವನಿಗೆ ನಿಜವಾಗಿಯೂ ಎಚ್ಚರ ಆಗುತ್ತಿತ್ತು. ಆದರೆ ಎಚ್ಚರವಾಗಿ ಮಲಗಿಯೇ ಇರುತ್ತಿದ್ದ, ಅಥವಾ ಎದ್ದು ಕೂತು ‘ಏನು ಮಾಡಲಿ?’ ಅಂತ ಕೇಳುತ್ತಿದ್ದ. ಅಂದರೆ ಒಬ್ಬರ ಕೆಲಸಕ್ಕೆ ಇಬ್ಬರ ನಿದ್ದೆ ಹಾಳಾಗುತ್ತಿತ್ತು. ಮಗು ಹೇಗಿದ್ದರೂ ಏಳಲೇಬೇಕು, ಅದನ್ನು ತಪ್ಪಿಸಲಾಗದು. ಇಬ್ಬರೂ ಒಟ್ಟಿಗೆ ಎಚ್ಚರ ಇರುವುದನ್ನು ಮಾತ್ರ ತಪ್ಪಿಸಬಹುದು.

ನಿದ್ದೆಯ ವಿಷಯದಲ್ಲಿ ಒಂದು ಸಂಗತಿ ತಿಳಿದಿರಲಿ. ನಮ್ಮ ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತಾಗಿ ನಡೆಯುತ್ತದೆ. ಆಳವಾದ ನಿದ್ದೆ, ಕನಸಿನ ನಿದ್ದೆ ಎಲ್ಲ ಆ ಸುತ್ತಿನೊಳಗೆ. ಸುತ್ತು ಮುಗಿಯುವ ಮೊದಲೇ ಏಳಿಸುತ್ತಾ ಹೋದರೆ, ಒಟ್ಟು ಆರು ಗಂಟೆ ಮಲಗಿದರೂ ದೇಹಕ್ಕೆ ಆರು ಗಂಟೆಯ ಉಪಯೋಗ ಸಿಗುವುದಿಲ್ಲ. ಹಾಗೆ ವಾರಗಟ್ಟಲೆ ಆದವರಿಗೆ ಸಣ್ಣ ಮಾತೂ ಚುಚ್ಚುತ್ತದೆ. ಲೋಟ ಸಿಂಕ್‌ನಲ್ಲಿ ಇಟ್ಟದ್ದಕ್ಕೆ ಅಳು ಬರುತ್ತದೆ. ಎದುರಿನವರ ಮುಖ ಸಿಟ್ಟಿನದೋ ಸುಸ್ತಿನದೋ ಅಂತ ಗುರುತಿಸಲಿಕ್ಕೂ ಆಗುವುದಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಯಾರೂ ಮುಟ್ಟದ ಒಂದು ಉದ್ದದ ತುಂಡು ನಿದ್ದೆ, ನಾಲ್ಕೂವರೆ-ಐದು ಗಂಟೆಯದು, ಸಿಗಬೇಕು.

ಅವರು ರಾತ್ರಿಯನ್ನು ಡ್ಯೂಟಿಯ ಹಾಗೆ ಎರಡು ಪಾಳಿ ಮಾಡಿಕೊಂಡರು. ಬಂದರಿನಲ್ಲಿ ಕೆಲಸ ಮಾಡುವವರಿಗೆ ಪಾಳಿ ಹೊಸತಲ್ಲ. ಸಂಜೆ ಏಳೂಮುಕ್ಕಾಲಿಗೆ ಅವಳು ಹಾಲು ಕುಡಿಸಿ, ಎಂಟಕ್ಕೆ ಮಲಗುತ್ತಾಳೆ. ಎಂಟರಿಂದ ಹನ್ನೆರಡೂವರೆ ತನಕ ಮಗು ಪೂರ್ತಿ ಅಪ್ಪನದು. ಹತ್ತೂವರೆ ಹೊತ್ತಿಗೆ ಮಗು ಎದ್ದರೆ ಅವಳು ಹಗಲು ಪಂಪ್ ಮಾಡಿ ಫ್ರಿಜ್‌ನಲ್ಲಿ ಇಟ್ಟ ಎದೆಹಾಲನ್ನು ಅವನೇ ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ ಕುಡಿಸುತ್ತಾನೆ. ಹನ್ನೆರಡೂವರೆಗೆ ಅವಳನ್ನು ಎಬ್ಬಿಸಿ, ಮಗುವನ್ನು ಕೈಗೆ ಕೊಟ್ಟು ಮಲಗುತ್ತಾನೆ. ಅಲ್ಲಿಂದ ಐದೂವರೆ ತನಕ ಏನೇ ಆದರೂ ಅವನನ್ನು ಎಬ್ಬಿಸುವಂತಿಲ್ಲ. ಜ್ವರ ಬಂದರೆ, ಮಗು ಉಸಿರಾಡಲು ಕಷ್ಟಪಟ್ಟರೆ ಮಾತ್ರ ಬೇರೆ ಮಾತು. ಅವಳಿಗೆ ನಾಲ್ಕೂವರೆ ಗಂಟೆ ಒಂದೇ ತುಂಡು, ಜೊತೆಗೆ ಬೆಳಗಿನ ಜಾವದ ಬಿಡಿ ನಿದ್ದೆ. ಅವನಿಗೆ ಐದು ಗಂಟೆ ಒಂದೇ ತುಂಡು. ಕೇಳಲು ಕಡಿಮೆ ಅನಿಸಬಹುದು. ಒಂದು ವಾರ ಮಾಡಿ ನೋಡಿದವರಿಗೆ ಗೊತ್ತು.

ಹಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಮೂರು ನಾಲ್ಕು ವಾರ ಎದೆಹಾಲು ಸರಿಯಾಗಿ ಕುದುರಲಿ, ಮಗುವಿನ ತೂಕ ಏರಲಿ, ಆಮೇಲೆ ಬಾಟಲಿಯ ಮಾತು. ಆ ತನಕ ಕುಡಿಸುವುದು ಅವಳೇ, ಆದರೆ ಮಗುವನ್ನು ಎತ್ತಿ ತರುವುದು, ತೇಗು ಬರಿಸುವುದು, ಡೈಪರ್ ಬದಲಿಸಿ ಮಲಗಿಸುವುದು ಅವನು ಮಾಡಬಹುದು. ಒಂದು ಕುಡಿಸುವಿಕೆಯಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಹೋಗುವುದು ಅದಕ್ಕೇ. ಪಂಪ್ ಮಾಡಿದ ಹಾಲು ಎ.ಸಿ. ಇರುವ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಫ್ರಿಜ್ ಬಾಗಿಲಲ್ಲಿ ಇಡಬೇಡಿ, ಹಿಂದೆ ತಳ್ಳಿ ಇಡಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ಒಂದು ಕಡೆ ತಣ್ಣಗೆ ಇದ್ದು ಇನ್ನೊಂದು ಕಡೆ ಬಾಯಿ ಸುಡುವಷ್ಟು ಆಗುತ್ತದೆ. ಬಾಟಲಿ ಒಲ್ಲದ ಮಗುವಿಗೆ ನಮ್ಮ ಹಳೆಯ ಒಳಲೆ ಇದೆ, ಊರಿಂದ ಬರುವವರ ಕೈಯಲ್ಲಿ ಒಂದು ತರಿಸಿ, ಪ್ರತಿ ಸಲ ಕುದಿಸಿ. ಪುಡಿ ಹಾಲು ಕೊಡಬೇಕಾದರೆ ವೈದ್ಯರನ್ನು ಕೇಳಿಯೇ ಕೊಡಿ, ಕೊಟ್ಟವಳನ್ನು ದೂರಬೇಡಿ.

ಮೊದಲ ನಾಲ್ಕು ರಾತ್ರಿ ಈ ಏರ್ಪಾಡು ಕೆಟ್ಟಿತು. ಹೇಗೆ ಕೆಟ್ಟಿತು ಅಂತ ಹೇಳಲೇಬೇಕು, ಯಾಕೆಂದರೆ ನಿಮ್ಮಲ್ಲೂ ಅಲ್ಲೇ ಕೆಡುತ್ತದೆ.

ಮೊದಲ ರಾತ್ರಿ ಮಗು ಬಾಟಲಿ ಉಗುಳಿ ಅತ್ತಿತು. ಒಂದೇ ಕೋಣೆ. ಅವಳು ತಡೆಯಲಾರದೆ ಎದ್ದು ಬಂದು ಮಗುವನ್ನು ಕಸಿದುಕೊಂಡಳು. ‘ಹೀಗಾ ಹಿಡಿಯೋದು?’ ಅಂದಳು. ಅವನು ‘ನೀನೇ ಮಾಡಿಕೋ ಹಾಗಾದ್ರೆ’ ಅಂದ. ಎರಡನೇ ರಾತ್ರಿಯೂ ಹಾಗೇ. ಇದು ಯಾರ ತಪ್ಪು ಅಂತ ಕೇಳಿದರೆ ಇಬ್ಬರದ್ದೂ ಅನ್ನಬೇಕು, ಆದರೆ ತಿದ್ದಿಕೊಳ್ಳಬಹುದಾದ ತಪ್ಪು. ಅವಳಿಗೂ ಎರಡು ತಿಂಗಳ ಹಿಂದೆ ಮಗು ಹಿಡಿಯಲು ಬರುತ್ತಿರಲಿಲ್ಲ. ಅವಳು ಇನ್ನೂರು ಸಲ ಹಿಡಿದು ಕಲಿತಳು, ಅವನು ಇಪ್ಪತ್ತು ಸಲ ಹಿಡಿದಿದ್ದಾನೆ, ವ್ಯತ್ಯಾಸ ಅಷ್ಟೇ. ನಾನು ಹೇಳಿದೆ, ಎಂಟು ಗಂಟೆ ಆದ ಮೇಲೆ ಮಗುವಿನ ಅಳು ನಿಮ್ಮ ಕೆಲಸ ಅಲ್ಲ ತಂಗಿ, ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿ. ಅವನಿಗೆ ಹೇಳಿದೆ, ಅತ್ತರೆ ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿ, ಹೆಗಲ ಮೇಲೆ ಹಾಕಿಕೊಂಡು ನಡೆಯಿರಿ, ಹತ್ತು ನಿಮಿಷ ಬಿಟ್ಟು ಮತ್ತೆ ಬಾಟಲಿ ಕೊಡಿ.

ಮೂರನೇ ರಾತ್ರಿ ಆದದ್ದು ಹೆಚ್ಚು ಅಪಾಯದ್ದು. ದಿನವಿಡೀ ಲೋಡಿಂಗ್ ಇತ್ತು, ಅವನು ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ಕೂತಲ್ಲೇ ನಿದ್ದೆ ಹೋದ. ಮಗು ಜಾರಿ ಮೆತ್ತೆಯ ಸಂದಿಗೆ ಬಂದಿತ್ತು. ಪುಣ್ಯಕ್ಕೆ ಅವಳಿಗೆ ಎಚ್ಚರವಾಯ್ತು. ಸೋಫಾ, ಕುರ್ಚಿ ಮೇಲೆ ಮಗುವಿನ ಜೊತೆ ನಿದ್ದೆ ಹೋಗುವುದರಿಂದ ಕೂಸುಗಳು ಉಸಿರುಗಟ್ಟಿ ಸತ್ತಿವೆ. ಇದನ್ನು ಹೆದರಿಸಲು ಹೇಳ್ತಾ ಇಲ್ಲ. ಕಣ್ಣು ಎಳೆಯುತ್ತಿದೆ ಅಂತ ಅನಿಸಿದ ಕೂಡಲೇ ಮಗುವನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ಅಳುತ್ತಿದ್ದರೂ ಮಲಗಿಸಿ. ಸುತ್ತ ದಿಂಬು, ದಪ್ಪ ಹೊದಿಕೆ ಬೇಡ. ನೀವೂ ಡ್ರೈವರ್ ಅಥವಾ ಫೋರ್ಕ್‌ಲಿಫ್ಟ್ ನಡೆಸುವವರಾದರೆ ಇನ್ನೊಂದು: ಹಿಂದಿನ ರಾತ್ರಿ ಎರಡೇ ಗಂಟೆ ನಿದ್ದೆಯಾಗಿದ್ದರೆ ಬೆಳಗ್ಗೆ ಫೋರ್‌ಮನ್‌ಗೆ ಹೇಳಿ ಆ ದಿನ ಬೇರೆ ಕೆಲಸ ಕೇಳಿ. ನಾಚಿಕೆಯ ವಿಷಯ ಅಲ್ಲ.

ಐದನೇ ರಾತ್ರಿಯಿಂದ ನಡೆಯಿತು. ಅಡುಗೆಯನ್ನು ಅವರು ಕಡಿಮೆ ಮಾಡಿದರು, ಭಾನುವಾರ ಅವನು ಎರಡು ಬಗೆಯ ಸಾರು ಮಾಡಿ ಡಬ್ಬಿಯಲ್ಲಿ ಇಡುತ್ತಿದ್ದ, ವಾರಕ್ಕೆ ಎರಡು ಸಲ ಕೆಫೆಟೇರಿಯಾದಿಂದ ಪರೋಟ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೆ ಗೊತ್ತಿದ್ದದ್ದೇ.

ಆದರೆ ‘ಏನು ಮಾಡಲಿ?’ ಅನ್ನುವ ಪ್ರಶ್ನೆಯ ಬಗ್ಗೆ ಹೇಳಬೇಕು. ಗಂಡಂದಿರಿಗೆ ಅದು ಸಹಾಯದ ಮಾತು. ಕೇಳಿಸಿಕೊಳ್ಳುವವಳಿಗೆ ಅದು ಇನ್ನೊಂದು ಕೆಲಸ: ಏನೇನು ಬಾಕಿ ಇದೆ ಅಂತ ನೆನಪಿಟ್ಟುಕೊಂಡು, ಹೇಳಿಕೊಟ್ಟು, ಆಯ್ತಾ ಅಂತ ನೋಡುವುದು. ಡೈಪರ್ ಮುಗಿಯಿತಾ, ಮುಂದಿನ ಚುಚ್ಚುಮದ್ದು ಯಾವಾಗ, ಇದೆಲ್ಲ ಒಬ್ಬಳ ತಲೆಯಲ್ಲೇ ತಿರುಗುತ್ತಿರುತ್ತದೆ, ಮಲಗಿದಾಗಲೂ. ಅದಕ್ಕೆ ಒಂದೊಂದು ಕೆಲಸ ಪೂರ್ತಿಯಾಗಿ ಒಬ್ಬರದ್ದಾಗಲಿ. ಚುಚ್ಚುಮದ್ದು ಅಪ್ಪನದು ಅಂದರೆ, ಕಾರ್ಡ್ ಅವನ ಹತ್ತಿರ, ಎರಡು, ನಾಲ್ಕು, ಆರು ತಿಂಗಳ ತಾರೀಕು ಅವನ ಫೋನಿನಲ್ಲಿ, ಅಪಾಯಿಂಟ್‌ಮೆಂಟ್ ಅವನೇ ತೆಗೆಯುವುದು. ಅವಳು ನೆನಪಿಸಬಾರದು. ಕಾಗದಪತ್ರವೂ ಹಾಗೇ. ಜನನ ಪತ್ರ, ಭಾರತೀಯ ಪಾಸ್‌ಪೋರ್ಟ್, ಆಮೇಲೆ ಮಗುವಿನ ವೀಸಾ, ಎಮಿರೇಟ್ಸ್ ಐಡಿ. ಹುಟ್ಟಿದ 120 ದಿನದೊಳಗೆ ವೀಸಾ ಆಗದಿದ್ದರೆ ದಂಡ ಬೀಳುತ್ತದೆ. ಪಾಸ್‌ಪೋರ್ಟ್ ಇಲ್ಲದೆ ವೀಸಾ ಆಗದು, ಜನನ ಪತ್ರ ಇಲ್ಲದೆ ಪಾಸ್‌ಪೋರ್ಟ್ ಆಗದು. ಇದಕ್ಕೆ ಓಡಾಡುವ ಗಂಡ ಏನೂ ಮಾಡ್ತಾ ಇಲ್ಲ ಅಂತ ಹೇಳಬೇಡಿ, ಅಕ್ಕಂದಿರೇ. ಅದೂ ಮಗುವಿನದೇ ಕೆಲಸ, ಹಾಳೆಯಲ್ಲಿ ಅದನ್ನೂ ಬರೆಯಿರಿ.

ಈಗ ಸ್ವಲ್ಪ ಸಂಕೋಚದ ಮಾತು. ಗಂಡಸರು ನನ್ನ ಹತ್ತಿರ ನೇರವಾಗಿ ಕೇಳುವುದಿಲ್ಲ, ‘ಅವಳು ಬದಲಾಗಿದ್ದಾಳೆ ಸಿಸ್ಟರ್’ ಅನ್ನುತ್ತಾರೆ. ಹೆರಿಗೆಯ ಗಾಯ ಒಣಗಲು ಸಮಯ ಬೇಕು, ಸಾಮಾನ್ಯವಾಗಿ ಆರು ವಾರಕ್ಕೆ ವೈದ್ಯರು ಪರೀಕ್ಷೆ ಮಾಡುತ್ತಾರೆ. ಆಮೇಲೂ, ಎದೆಹಾಲು ಕೊಡುವ ತನಕ ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಕಡಿಮೆ ಇರುತ್ತದೆ, ಅದರಿಂದ ಒಣಗುವಿಕೆ, ನೋವು, ಆಸೆ ಕಡಿಮೆ. ಅದು ನಿಮ್ಮ ಮೇಲಿನ ಬೇಸರ ಅಲ್ಲ. ದಿನವಿಡೀ ಮೈಗೆ ಮಗು ಅಂಟಿಕೊಂಡೇ ಇದ್ದವಳಿಗೆ ರಾತ್ರಿ ಇನ್ನೊಬ್ಬರು ಮುಟ್ಟಿದರೆ ಕಿರಿಕಿರಿಯಾಗುವುದೂ ಉಂಟು. ‘ಇವತ್ತು ಬೇಡ, ಬರೀ ಹತ್ತಿರ ಕೂತಿರಿ’ ಅಂತ ಬಾಯಿಬಿಟ್ಟು ಹೇಳಿದರೆ ಅವನಿಗೂ ಅರ್ಥವಾಗುತ್ತದೆ. ಸುಮ್ಮನೆ ತಿರುಗಿ ಮಲಗಿದರೆ ಅವನು ಬೇರೆಯೇ ತಿಳಿಯುತ್ತಾನೆ. ಇನ್ನೊಂದು, ಮುಟ್ಟು ಶುರುವಾಗುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದು. ಆರು ವಾರದ ಪರೀಕ್ಷೆಯಲ್ಲೇ ಅದರ ಬಗ್ಗೆ ಕೇಳಿಕೊಳ್ಳಿ.

ಹೆಂಡತಿ ಮಗು ಊರಲ್ಲಿದ್ದು, ಕ್ಯಾಂಪಿನಲ್ಲಿ ಒಬ್ಬರೇ ಇರುವ ಅಣ್ಣಂದಿರು ಹಿಂದೆ ಕೂತಿದ್ದೀರಿ. ನಿಮ್ಮದು ಬೇರೆ ತೊಡಕು. ನೀವು ಊಟ ಮುಗಿಸಿ ಹತ್ತಕ್ಕೆ ವಿಡಿಯೋ ಕಾಲ್ ಮಾಡುವಾಗ ಅಲ್ಲಿ ಹನ್ನೊಂದೂವರೆ. ಈಗಷ್ಟೇ ಮಗು ಮಲಗಿರುತ್ತದೆ. ರಿಂಗ್ ಆಗಿ ಮಗು ಎದ್ದರೆ ಅವಳ ಆ ಇಡೀ ರಾತ್ರಿ ಹೋಯಿತು. ಅವಳು ಫೋನ್ ಎತ್ತಲಿಲ್ಲ ಅಂತ ನಿಮಗೆ ಸಿಟ್ಟು, ಎತ್ತಿದರೆ ‘ಮಗು ತೋರಿಸು’ ಅಂತೀರಿ. ಕರೆಯ ಹೊತ್ತನ್ನು ಅವಳು ಹೇಳಲಿ, ನಿಮ್ಮ ಮಧ್ಯಾಹ್ನದ ಊಟದ ಬಿಡುವು ಆಗಬಹುದು. ಮೊದಲ ಐದು ನಿಮಿಷ ಮಗುವನ್ನು ಕೇಳಬೇಡಿ, ರಾತ್ರಿ ಎಷ್ಟು ಸಲ ಎದ್ದೆ ಅಂತ ಅವಳನ್ನು ಕೇಳಿ. ರಾತ್ರಿ ಅವಳ ಜೊತೆ ಏಳುವವರು ಯಾರು ಅಂತಲೂ ಕೇಳಿ. ಯಾರೂ ಇಲ್ಲ ಅಂದರೆ, ನಿಮ್ಮ ಅಮ್ಮನ ಹತ್ತಿರ ಆ ಮಾತು ಆಡಬೇಕಾದವರು ನೀವು, ಅವಳಲ್ಲ. ಹಣ ಕಳಿಸುವಾಗ ಎರಡು ತಿಂಗಳು ಒಬ್ಬ ಕೆಲಸದವರಿಗೆ ಅಂತ ಸ್ವಲ್ಪ ಬೇರೆ ಕಳಿಸಿದರೂ ಆಗುತ್ತದೆ.

ಕೊನೆಗೆ, ಪಾಳಿ ಮಾಡಿದರೂ ಸರಿಹೋಗದ್ದು ಒಂದಿದೆ, ಅದನ್ನು ಗುರುತಿಸಬೇಕು. ಹೆರಿಗೆಯಾದ ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಹೋಗುತ್ತದೆ. ಎರಡು ವಾರ ದಾಟಿಯೂ ದಿನವಿಡೀ ಬೇಸರ, ಮಗುವಿನ ಮೇಲೆ ಏನೂ ಅನಿಸದಿರುವುದು, ಊಟ ಸೇರದಿರುವುದು ಇದ್ದರೆ ಅದು ಕಾಯಿಲೆ. ಅದನ್ನು ಸುಸ್ತಿನಿಂದ ಬೇರ್ಪಡಿಸಲು ನಾನು ಕೇಳುವ ಪ್ರಶ್ನೆ ಒಂದೇ: ಮಗು ಮಲಗಿದೆ, ಬೇರೆಯವರು ನೋಡಿಕೊಳ್ಳುತ್ತಿದ್ದಾರೆ, ಆಗ ನಿನಗೆ ನಿದ್ದೆ ಬರುತ್ತದಾ? ಸುಸ್ತಾದವಳು ಬಿದ್ದಲ್ಲೇ ನಿದ್ದೆ ಮಾಡುತ್ತಾಳೆ. ಅವಕಾಶ ಸಿಕ್ಕಿಯೂ ಕಣ್ಣು ಬಿಟ್ಟು ಬಿದ್ದಿರುವವಳನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹತ್ತು ಪ್ರಶ್ನೆಗಳ ಒಂದು ಹಾಳೆ ಇದೆ, ಎಡಿನ್‌ಬರೋ ಪಟ್ಟಿ ಅಂತ, 1987ರಿಂದ ಬಳಕೆಯಲ್ಲಿದೆ, ಐದು ನಿಮಿಷದಲ್ಲಿ ತುಂಬಬಹುದು, ಮಗುವಿನ ಚುಚ್ಚುಮದ್ದಿಗೆ ಹೋದಾಗಲೇ ಕೇಳಿ. ಮಗುವಿಗೆ ಅಥವಾ ತನಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ್ದು ಕಾಣುವುದು, ಕೇಳುವುದು ಶುರುವಾದರೆ ನಾಳೆ ಅಂತ ಕಾಯಬೇಡಿ, 998ಕ್ಕೆ ಕರೆ ಮಾಡಿ, ಅದು ಆಂಬುಲೆನ್ಸ್. ಗಂಡಸರಿಗೂ ಈ ಬೇಸರದ ಕಾಯಿಲೆ ಬರುತ್ತದೆ. ಅವರು ಅಳುವುದು ಕಡಿಮೆ, ರೇಗುವುದು, ಮನೆಗೆ ತಡವಾಗಿ ಬರುವುದು, ಕುಡಿಯುವುದು ಹೆಚ್ಚು.

ಆ ಸ್ಟೋರ್‌ಕೀಪರ್ ಮನೆಗೆ ಮಗುವಿಗೆ ನಾಲ್ಕು ತಿಂಗಳಾದಾಗ ಹೋಗಿದ್ದೆ. ಅವಳು ಕೆಲಸಕ್ಕೆ ಸೇರಿದ್ದಳು, ಕಾನೂನಿನಲ್ಲಿ ಆರು ತಿಂಗಳ ತನಕ ಸಿಗುವ ಒಂದು ಗಂಟೆಯ ಹಾಲೂಡಿಸುವ ಬಿಡುವನ್ನು ದಿನದ ಕೊನೆಗೆ ಕೇಳಿ ಪಡೆದು, ಒಂದು ಗಂಟೆ ಮೊದಲೇ ಮನೆಗೆ ಬರುತ್ತಿದ್ದಳು. ಮಗು ಈಗ ರಾತ್ರಿ ಒಂದೇ ಸಲ ಏಳುತ್ತದೆ. ಫ್ರಿಜ್ ಮೇಲೆ ಪಾಳಿಯ ಹಾಳೆ ಇನ್ನೂ ಅಂಟಿಸಿತ್ತು, ಹೊತ್ತುಗಳನ್ನು ಹೊಡೆದು ಹೊಸತು ಬರೆದಿದ್ದರು. ಚಹಾ ಮಾಡಿದ್ದು ಅವನು. ಅವಳು ಮಲಗಿದ್ದಳು, ಎಬ್ಬಿಸಬೇಡಿ ಅಂತ ನಾನೇ ಹೇಳಿ ಬಂದೆ.

ಹಾಳೆಯ ಪ್ರತಿಗಳು ಬಾಗಿಲ ಬಳಿ ಮೇಜಿನ ಮೇಲಿವೆ. ಹೋಗುವಾಗ ಒಂದೊಂದು ತೆಗೆದುಕೊಳ್ಳಿ.